ಬೆಳಗಿನ 4ರ ಕೆಲಸಕ್ಕೊಂದು ಕೀಲಿ
ಮುಗಳಖೋಡದ ಹುಡುಗನೊಬ್ಬ ಸಕ್ಕರೆ ಕಾರ್ಖಾನೆಯೊಂದರ ಕಚೇರಿಯಲ್ಲಿ ಅನಾಲಿಸ್ಟ್. ಡೇಟಾಬೇಸ್ ನೋಡಿಕೊಳ್ಳುವವರಿಗೆ ಬರೆದ ಪತ್ರವನ್ನು ಕಳಿಸುವ ಮುಂಚೆ ನನಗೆ ತೋರಿಸಿದ: ‘ಸರ್, ಕಬ್ಬಿನ ತೂಕದ ವರದಿ ದಿನಾ ಬೆಳಗಿನ 4ಕ್ಕೆ ತಾನೇ ಹೊಸದಾಗಬೇಕ್ರಿ. ಆ ಕೆಲಸಕ್ಕೆ ಬೇರೆಯದೇ ಖಾತೆ ಕೊಡ್ರಿ. ನನ್ನ ಪಾಸ್‌ವರ್ಡ್ ಬದಲಾದ್ರ ಅದು ನಿಲ್ಲಬಾರದು. ಓದಾಕಷ್ಟ ಅನುಮತಿ ಸಾಕು. ರೈತರ ಬ್ಯಾಂಕ್ ಖಾತೆ ನಂಬರ್ ನನಗ ಬ್ಯಾಡ. ದಿನಾಂಕ, ಊರು, ತೂಕ ಇಷ್ಟೇ ಕಾಣೋ ವ್ಯೂ ಮಾಡಿಕೊಡ್ರಿ.’ ಬೇಡದ್ದು ಯಾವುದೆಂದು ಬರೆದದ್ದೇ ನನಗೆ ಹಿಡಿಸಿತು. ಹೆಚ್ಚಿನವರು ‘ಎಲ್ಲ ಟೇಬಲ್ ಕೊಟ್ಟುಬಿಡಿ’ ಎನ್ನುತ್ತಾರೆ. ಆ ಕಾರ್ಖಾನೆಯದು ಪೋಸ್ಟ್‌ಗ್ರೆಸ್. ಅಲ್ಲಿ ವ್ಯೂ ಮೇಲೆ SELECT ಕೊಟ್ಟರೆ ಸಾಲದು, ಅದಿರುವ ಸ್ಕೀಮಾದ ಮೇಲೆ USAGE ಕೂಡ ಬೇಕು. ಬಾಗಿಲಿಗೆ ಬೀಗ ಹಾಕಿಟ್ಟು ಕಪಾಟಿನ ಕೀಲಿ ಕೊಟ್ಟರೆ ಏನುಪಯೋಗ? ಇನ್ನೊಂದು ಮಾತು: ಮುಂದೆ ಯಾರಾದರೂ ವ್ಯೂ ಅಳಿಸಿ ಮತ್ತೆ ಕಟ್ಟಿದರೆ ಕೊಟ್ಟ ಅನುಮತಿಯೂ ಅಳಿಯುತ್ತದೆ, ಮರುದಿನ ವರದಿ ಹಳೆಯದೇ ಉಳಿಯುತ್ತದೆ. ಇವೆರಡನ್ನೂ ಪತ್ರಕ್ಕೆ ಸೇರಿಸಲು ಹೇಳಿದೆ. ಕೊನೆಗೆ ಅವನಿಗೆ ಹೇಳಿದೆ: ‘ಅನುಮತಿ ಬಂದ ದಿನ ಅದೇ ಖಾತೆಯಿಂದ ಒಂದು UPDATE ಓಡಿಸಿ ನೋಡಪ್ಪಾ, ಪರೀಕ್ಷೆಗಿಟ್ಟ ಡೇಟಾಬೇಸಿನಲ್ಲಿ. Permission denied ಎಂದರೆ ಸರಿಯಾಗಿದೆ.’