ಲೈಟ್ ದಾರದ ತೂಕ ಎಷ್ಟು?

ಕನ್ನಡ ಮಾಧ್ಯಮದವರಿಗೆ ಪಾರಿಭಾಷಿಕ ಪದಗಳೇ ತೊಡಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವೇಗೋತ್ಕರ್ಷವನ್ನು ಆಕ್ಸಿಲರೇಶನ್ ಎನ್ನಲು ನನಗೆ ವಾರ ಸಾಕಾಯಿತು. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನನ್ನು ಕೆಡವಿದ್ದು 'ಲೈಟ್', 'ಸ್ಮೂತ್' ಎಂಬ ಪುಟ್ಟ ಪದಗಳು.

ಸ್ಮೂತ್ ರಾಟೆಯ ಮೇಲೆ ಲೈಟ್ ದಾರ, ತುದಿಗಳಲ್ಲಿ 3 ಮತ್ತು 2 ಕೆಜಿ. ವೇಗೋತ್ಕರ್ಷ ಎಷ್ಟು? ದಾರದ ತೂಕವನ್ನೇ ಕೊಟ್ಟಿಲ್ಲವಲ್ಲ ಎಂದು ಹುಡುಕುತ್ತ ಕೂತೆ. ಲೈಟ್ ಎಂದರೆ ದಾರದ ರಾಶಿ ಸೊನ್ನೆ, ಸ್ಮೂತ್ ಎಂದರೆ ಘರ್ಷಣೆ ಇಲ್ಲ. ಆದ್ದರಿಂದ ಎರಡೂ ಕಡೆ ಎಳೆತ ಒಂದೇ. 1 ಕೆಜಿಯ ವ್ಯತ್ಯಾಸ ಒಟ್ಟು 5 ಕೆಜಿಯನ್ನು ಎಳೆಯುತ್ತದೆ: g/5, ಸುಮಾರು 2 m/s².

ಈ ಅರ್ಥಗಳು ಯಾವ ನಿಘಂಟಿನಲ್ಲಿವೆ? ಬ್ರಿಡ್ಜ್ ಕೋರ್ಸಿನಲ್ಲಿ ಪದಪಟ್ಟಿ ಹಂಚುವವರು ಮೊದಲು ಲೆಕ್ಕದ ವಾಕ್ಯ ಓದಲು ಕಲಿಸಲಿ.