ಸಂತೆಯ ಚಪ್ಪಲಿ ಮತ್ತು ಸ್ಪರ್ಶವರಿಯದ ಪಾದ

ಸಕ್ಕರೆ ಕಾಯಿಲೆಯನ್ನು ಗುಣಪಡಿಸುವ ಚಪ್ಪಲಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆದರೂ ಕೊಪ್ಪಳ, ಗಂಗಾವತಿಯ ಪೇಟೆಗಳಲ್ಲಿಯೂ ಕುಷ್ಟಗಿ, ಯಲಬುರ್ಗಾದ ಸಂತೆಗಳಲ್ಲಿಯೂ ಅಂಥದ್ದೊಂದನ್ನು ಕೂಗಿ ಮಾರುವವರನ್ನು ನಾನು ಕಂಡಿದ್ದೇನೆ. ಅಟ್ಟೆಯ ತುಂಬ ಗಟ್ಟಿ ಗುಬ್ಬಿಗಳು, ನಡುವೆ ಒಂದೆರಡು ಅಯಸ್ಕಾಂತದ ಬಿಲ್ಲೆಗಳು. ಮೆಟ್ಟಿ ನಡೆದರೆ ನರಗಳು ಚುರುಕಾಗುವುವಂತೆ, ಸಕ್ಕರೆ ಇಳಿಯುವುದಂತೆ! ಇದು ನಿರುಪಯೋಗಿ ವಸ್ತುವಾಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಿತ್ತು. ಆದರೆ ಯಾರಿಗಾಗಿ ಮಾರುತ್ತಾರೋ ಅವರಿಗೇ ಇದು ಅಪಾಯಕಾರಿ ಎಂಬುದೇ ನನ್ನ ತಕರಾರು.

ಕಾರಣ ಸರಳವಾದುದು. ಹಲವು ವರ್ಷ ಸಕ್ಕರೆ ಹೆಚ್ಚಿದ್ದವರಲ್ಲಿ ಪಾದದ ನರಗಳು ಸೊರಗಿ, ನೋವಿನ ಅರಿವು ಕುಂದುತ್ತದೆ. ಶಾಲೆಯಲ್ಲಿ ನಾವು ಕಲಿಸಿದ ಪಾಠವನ್ನೇ ನೆನೆಯಿರಿ: ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಅಂಗಾಲೆಲ್ಲ ಹೊರಬೇಕಾದ ಅರವತ್ತು ಕಿಲೋ ಭಾರವನ್ನು ಕೆಲವೇ ಗುಬ್ಬಿಗಳ ತುದಿಗೆ ಹೊರಿಸಿದರೆ ಆ ಚುಕ್ಕೆಗಳಲ್ಲಿ ಚರ್ಮ ನಜ್ಜುಗುಜ್ಜಾಗುತ್ತದೆ. ನಮಗಾದರೆ ನೋಯುತ್ತದೆ, ಚಪ್ಪಲಿ ಬಿಡುತ್ತೇವೆ. ಅವರಿಗೆ ನೋಯುವುದಿಲ್ಲ, ಆದ್ದರಿಂದ ನಡೆಯುತ್ತಲೇ ಇರುತ್ತಾರೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡಿದ ಡಾ. ಪಾಲ್ ಬ್ರ್ಯಾಂಡ್ ಅವರು ಕಳೆದ ಶತಮಾನದ ಮಧ್ಯದಲ್ಲಿಯೇ ತೋರಿಸಿಕೊಟ್ಟ ಸತ್ಯ ಇದು: ಪಾದವನ್ನು ಕೆಡಿಸುವುದು ಅರಿವಿಗೆ ಬಾರದ, ಮತ್ತೆ ಮತ್ತೆ ಬೀಳುವ ಒತ್ತಡ. ಅದಕ್ಕೆ ಉತ್ತರವಾಗಿ ಬಳಕೆಗೆ ಬಂದದ್ದೇ ಮೃದುವಾದ, ಸೂಕ್ಷ್ಮರಂಧ್ರಗಳ ರಬ್ಬರಿನ ಎಂ.ಸಿ.ಆರ್. ಚಪ್ಪಲಿ. ಅದು ಸಕ್ಕರೆಯನ್ನು ಇಳಿಸುವುದಿಲ್ಲ, ಭಾರವನ್ನು ಹಂಚುತ್ತದೆ. ಅಷ್ಟೇ ಅದರ ಕೆಲಸ, ಅದೇ ದೊಡ್ಡ ಕೆಲಸ.

ಅರಿವು ಕುಂದಿದೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿರಿ, ಒತ್ತಬೇಡಿರಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ವೈದ್ಯರಿಗೆ ಪಾದ ತೋರಿಸಲೇಬೇಕು.

ಯಲಬುರ್ಗಾ ಕಡೆಯ ಒಬ್ಬ ಹಿರಿಯ ಒಕ್ಕಲಿಗರು ನನಗೆ ಪರಿಚಿತರು. ಈ ಪರೀಕ್ಷೆಯಲ್ಲಿ ಅವರಿಗೆ ಮೂರು ಸ್ಪರ್ಶಗಳು ತಿಳಿಯಲಿಲ್ಲ. ಗುಬ್ಬಿಯ ಚಪ್ಪಲಿ ಮೆಟ್ಟಿದ್ದ ಅವರ ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಟ್ಟಿ, ಒಳಗೆ ಕಪ್ಪು ಕಲೆಯೊಂದಿತ್ತು. ದಡ್ಡುಗಟ್ಟಿದ ಚರ್ಮದಡಿಯ ಕಪ್ಪು ಎಂದರೆ ಒಳಗೆ ರಕ್ತ ಒಸರಿದೆ, ಹುಣ್ಣು ಬರಲಿದೆ ಎಂದರ್ಥ. ವೈದ್ಯರು ಅದನ್ನು ಕೆತ್ತಿ ತೆಗೆದು, ಗಾಯ ಮಾಯ್ದ ಬಳಿಕ ಚಪ್ಪಲಿ ಆರಿಸಲು ಹೇಳಿದರು. ತೆರೆದ ಹುಣ್ಣಿಗೆ ಯಾವ ಚಪ್ಪಲಿಯೂ ಮದ್ದಲ್ಲ. ಪಾದದ ಆಕಾರವೇ ಕೆಟ್ಟಿದ್ದರೆ ಅಂಗಡಿಯ ಚಪ್ಪಲಿ ಸಾಲದು, ಅಚ್ಚು ತೆಗೆದು ಮಾಡಿಸಬೇಕು.

ಅಳತೆಯನ್ನು ಸಂಜೆ, ಪಾದ ಸ್ವಲ್ಪ ಊದಿರುವಾಗ, ನಿಂತ ಭಂಗಿಯಲ್ಲಿ ತೆಗೆದೆವು. ಕಾಗದದ ಮೇಲೆ ಗೆರೆ ಎಳೆದಾಗ ಬಲಪಾದ 25, ಎಡಪಾದ 25.5 ಸೆಂಟಿಮೀಟರ್. ದೊಡ್ಡದೇ ಲೆಕ್ಕ. ಒಳಉದ್ದ ಅದಕ್ಕಿಂತ ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚಿರಬೇಕಾದ್ದರಿಂದ 27ರದನ್ನು ಆರಿಸಿದೆವು. ಒಳಗೆ ಮೆತ್ತನೆಯ ರಬ್ಬರು, ಕೆಳಗೆ ಕಲ್ಲು ಮುಳ್ಳು ತಡೆಯುವ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಉಂಗುಟ ಬೇಡ, ಮೊಳೆ ಬೇಡವೇ ಬೇಡ. ಮೊದಲ ದಿನ ಅರ್ಧ ಗಂಟೆ ಮೆಟ್ಟಿಸಿ ಪಾದ ನೋಡಿದೆವು. ಚಪ್ಪಲಿ ಬಿಟ್ಟ ಅರ್ಧ ಗಂಟೆಯ ಮೇಲೂ ಕೆಂಪು ಉಳಿದಿದ್ದರೆ ಅಳತೆ ತಪ್ಪಿದೆಯೆಂದೇ ಅರ್ಥ. ರಬ್ಬರು ಹೆಬ್ಬೆರಳಿನಿಂದ ಒತ್ತಿದಾಗ ಮರಳಿ ಏಳದಿದ್ದರೆ ಅದರ ಆಯುಷ್ಯ ಮುಗಿದಂತೆ.

ಇದೇ ವಿವೇಕ ಉಳಿದೆರಡಕ್ಕೂ ಸಲ್ಲುತ್ತದೆ. ಉಬ್ಬಿದ ರಕ್ತನಾಳಕ್ಕೆ ಕೊಡುವ ಬಿಗಿ ಕಾಲುಚೀಲದ ಅಳತೆಯನ್ನು ಮುಂಜಾನೆ, ಬಾವು ಏರುವ ಮೊದಲು ತೆಗೆಯಬೇಕು. ಮೊದಲು ಪಾದದ ನಾಡಿ ಪರೀಕ್ಷಿಸದೆ ಸಕ್ಕರೆ ರೋಗಿಗೆ ಅದನ್ನು ತೊಡಿಸಿದರೆ, ಕಡಿಮೆಯಾಗಿರುವ ರಕ್ತವೂ ನಿಂತೀತು. ಮೊಣಕಾಲ ಪಟ್ಟಿ ಆಸರೆಯನ್ನೂ ಬೆಚ್ಚನೆಯನ್ನೂ ಕೊಡಬಲ್ಲದು. ಸವೆದ ಮೃದ್ವಸ್ಥಿಯನ್ನು ಬೆಳೆಸಲಾರದು. 'ಎಲ್ಲರಿಗೂ ಒಂದೇ ಸೈಜು' ಎಂಬ ಮಾತು ಬಂದರೆ ಅಲ್ಲಿಂದ ಎದ್ದುಬಿಡಿರಿ.

ಮಧುಮೇಹವನ್ನು ಗುಣಪಡಿಸುವುದಾಗಿ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷ ಕಳೆದರೂ ಆ ಕೂಗು ಸಂತೆಯಲ್ಲಿ ಕೇಳುತ್ತಲೇ ಇದೆ. ಕೊಳ್ಳುವವರಾದರೂ ಒಂದು ಪ್ರಶ್ನೆ ಕೇಳಬೇಕು: "ನನ್ನ ಪಾದವನ್ನು ನೋಡದೆ, ಅಳೆಯದೆ, ಇದು ನನಗೆ ಹೊಂದುವುದೆಂದು ನಿಮಗೆ ಹೇಗೆ ತಿಳಿಯಿತು?" ಉತ್ತರವಿಲ್ಲದವನ ಮುಂದೆ ಕೈಚೀಲ ಬಿಚ್ಚಬೇಡಿರಿ.