28 ದಿನದ ರೀಚಾರ್ಜ್: ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ?

‘299ಕ್ಕೆ ತಿಂಗಳು ಪೂರ್ತಿ, ದಿನಕ್ಕೆ 1.5 ಜಿಬಿ, ಆಮೇಲೂ ಅನ್‌ಲಿಮಿಟೆಡ್’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದನ್ನು ಮುಂದಕ್ಕೆ ಕಳಿಸುವ ಮೊದಲು ವ್ಯಾಲಿಡಿಟಿ ನೋಡಿ. ಅದು 28 ದಿನವಾಗಿದ್ದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್ ಬೇಕು. 13 ಸಲ 299 ಎಂದರೆ 3,887 ರೂಪಾಯಿ. 12 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 324.

ಪಕ್ಕದಲ್ಲಿ 30 ದಿನದ 319ರ ಪ್ಲಾನ್ ಇದೆ ಎಂದಿಟ್ಟುಕೊಳ್ಳಿ. ನೋಡಲು 20 ರೂಪಾಯಿ ಜಾಸ್ತಿ. ಆದರೆ ದಿನದ ಲೆಕ್ಕ ಹಾಕಿದರೆ ಮೊದಲನೆಯದು 10.68, ಇದು 10.63. ‘ದುಬಾರಿ’ಯೇ ಕೂದಲೆಳೆಯಷ್ಟು ಅಗ್ಗ! ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಒಂದನ್ನಾದರೂ ಇಡಬೇಕೆಂದು ಟ್ರಾಯ್ 2022ರ ಜನವರಿಯಲ್ಲೇ ಆದೇಶಿಸಿದೆ. ಆ್ಯಪ್‌ನಲ್ಲಿ ಸ್ವಲ್ಪ ಕೆಳಗೆ ಹುಡುಕಬೇಕಾದೀತು, ಅಷ್ಟೇ.

ಇನ್ನು ‘ಅನ್‌ಲಿಮಿಟೆಡ್’. ದಿನದ ಡೇಟಾ ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವುದು 64 ಕೆಬಿಪಿಎಸ್ ವೇಗ, ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಮೇಲೂರಿನ ರೇಷ್ಮೆ ಬೆಳೆಗಾರರೊಬ್ಬರಿಗೆ ಶಿಡ್ಲಘಟ್ಟ ಮಾರುಕಟ್ಟೆಯ ಗೂಡಿನ ದರ ವಾಟ್ಸ್ಆ್ಯಪ್ ಮೆಸೇಜಿನಲ್ಲಿ ಬಂದರೆ ತೊಂದರೆಯಿಲ್ಲ. ಹುಳುವಿನ ರೋಗದ ಬಗ್ಗೆ 15 ಎಂಬಿ ವಿಡಿಯೋ ಬಂದರೆ ಅದು ಇಳಿಯಲು ಅರ್ಧ ಗಂಟೆ ಹಿಡಿಯುತ್ತದೆ. ಆಗ ಹೆಚ್ಚಿನವರು ಡೇಟಾ ಪ್ಯಾಕ್ ಹಾಕಿಸುತ್ತಾರೆ. 19 ರೂಪಾಯಿಯಂತೆ ತಿಂಗಳಿಗೆ ಮೂರು ಹಾಕಿಸಿದರೂ 324 ಹೋಗಿ 381 ಆಯಿತು.

ಇದರ ಉಲ್ಟಾ ನಷ್ಟವೂ ಉಂಟು. ದಿನಕ್ಕೆ ಅರ್ಧ ಜಿಬಿ ಮಾತ್ರ ಬಳಸುವವರ ಉಳಿದ 1 ಜಿಬಿ ಇಂಥ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯರಾತ್ರಿಗೆ ಹೋಗಿಬಿಡುತ್ತದೆ. ನೀವು ಯಾವ ಗುಂಪು ಎಂಬುದು ಫೋನಿನ ಸೆಟ್ಟಿಂಗ್ಸ್‌ನ ‘ಡೇಟಾ ಬಳಕೆ’ಯಲ್ಲಿ ಕಾಣುತ್ತದೆ, ಕಳೆದ ತಿಂಗಳ ಮೊತ್ತವನ್ನು 30ರಿಂದ ಭಾಗಿಸಿ ನೋಡಿ.